ನಿಮಗಿದು ಗೊತ್ತೇ? ದುರ್ಬಲ ಆಮ್ಲದ ಪಿಎಚ್ ಮತ್ತು ಶೇ 5ರ ಗೆರೆ

◆ ಎರಡು ಆಮ್ಲಗಳ ಸಾರತೆ ಒಂದೇ ಆಗಿದ್ದರೂ ಪಿಎಚ್ ಬೇರೆಬೇರೆ ಇರಬಹುದು. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಸುಮಾರು 1. ವಿನೆಗರ್‌ಗೆ ಹುಳಿ ಕೊಡುವ ಅಸಿಟಿಕ್ ಆಮ್ಲದ್ದು, ಅಷ್ಟೇ ಸಾರತೆಯಲ್ಲಿ, 2.87. ಮೊದಲನೆಯದರ ಅಣುಗಳು ಹೆಚ್ಚುಕಡಿಮೆ ಎಲ್ಲವೂ ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತವೆ. ಎರಡನೆಯದರಲ್ಲಿ ಒಡೆಯುವುದು ನೂರಕ್ಕೆ ಒಂದು ಚಿಲ್ಲರೆ ಮಾತ್ರ.

◆ ಆ 2.87 ಸಿಗುವುದು ಒಂದು ಊಹೆಯ ಬಲದಿಂದ! ಆಮ್ಲದ ಸಾರತೆ C, ಒಡೆದ ಭಾಗ x ಎಂದಿಟ್ಟುಕೊಳ್ಳಿ. ಒಡೆಯದೆ ಉಳಿದದ್ದು C − x. ಆಗ ವಿಯೋಜನಾ ಸ್ಥಿರಾಂಕದ ಸಮೀಕರಣ ಹೀಗಾಗುತ್ತದೆ:

x² / (C − x) = Ka

25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸಿಟಿಕ್ ಆಮ್ಲದ Ka ಬೆಲೆ 1.8 × 10⁻⁵. ಒಡೆಯುವುದು ಅತ್ಯಲ್ಪವಾದ್ದರಿಂದ C − x ಇರುವಲ್ಲಿ ಬರೀ C ಇಟ್ಟರೆ ಲೆಕ್ಕ ವರ್ಗಮೂಲಕ್ಕೆ ಇಳಿಯುತ್ತದೆ. 1.8 × 10⁻⁶ರ ವರ್ಗಮೂಲ 1.34 × 10⁻³. ಅದರಿಂದ ಪಿಎಚ್ 2.87.

◆ ಉತ್ತರ ಬಂದ ಮೇಲೆ ಊಹೆಯನ್ನು ಆ ಉತ್ತರದಿಂದಲೇ ಪರೀಕ್ಷಿಸಬೇಕು. x ಅನ್ನು C ಯಿಂದ ಭಾಗಿಸಿ 100ರಿಂದ ಗುಣಿಸಿ. ಇಲ್ಲಿ ಸಿಗುವುದು ಶೇ 1.34. ಇದು ಶೇ 5ರೊಳಗಿದ್ದರೆ ಊಹೆ ನಿಲ್ಲುತ್ತದೆ ಎಂಬುದು ರೂಢಿಯ ಗೆರೆ. ಗೆರೆಯ ಮೇಲೆಯೇ ಇದ್ದರೂ x ನಲ್ಲಿ ಆಗುವ ತಪ್ಪು ಸುಮಾರು ಶೇ 2.5, ಪಿಎಚ್‌ನಲ್ಲಿ ಬರೀ 0.01.

◆ ಆಮ್ಲಕ್ಕೆ ನೀರು ಬೆರೆಸಿದಷ್ಟೂ ಅದರ ಅಣುಗಳಲ್ಲಿ ಒಡೆಯುವ ಪಾಲು ಹೆಚ್ಚುತ್ತದೆ! 1888ರಲ್ಲಿ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಇದನ್ನು ನಿಯಮವಾಗಿ ಹೇಳಿದರು. ಹಾಗಾಗಿ ಅದೇ ಅಸಿಟಿಕ್ ಆಮ್ಲವನ್ನು ನೂರು ಪಟ್ಟು ತೆಳುಗೊಳಿಸಿ 0.001 ಮೋಲಾರ್ ಮಾಡಿದರೆ, ಹಳೆಯ ಊಹೆ ಕೈಕೊಡುತ್ತದೆ. ವರ್ಗಮೂಲ 1.34 × 10⁻⁴ ಕೊಡುತ್ತದೆ, ಅದು C ಯ ಶೇ 13.4. ಗೆರೆ ದಾಟಿತು.

◆ ಗೆರೆ ದಾಟಿದರೆ ವರ್ಗಸಮೀಕರಣವನ್ನು ಪೂರ್ತಿ ಬಿಡಿಸಬೇಕು. ಆಗ x = 1.25 × 10⁻⁴, ಪಿಎಚ್ 3.90. ಊಹೆಯ ಲೆಕ್ಕ ಕೊಟ್ಟದ್ದು 3.87. ಪಿಎಚ್‌ನಲ್ಲಿ ವ್ಯತ್ಯಾಸ ಸಣ್ಣದಾಗಿ ಕಂಡರೂ, ಹೈಡ್ರೋಜನ್ ಅಯಾನುಗಳ ಸಾರತೆಯಲ್ಲಿ ತಪ್ಪು ಸುಮಾರು ಶೇ 7.

◆ ವರ್ಗಸಮೀಕರಣ ಬೇಡವೆನ್ನುವವರಿಗೆ ಇನ್ನೊಂದು ದಾರಿಯುಂಟು. ಮೊದಲು ಬಂದ x ಅನ್ನು C ಯಿಂದ ಕಳೆದು, ಉಳಿದದ್ದನ್ನು Ka ಯಿಂದ ಗುಣಿಸಿ ಮತ್ತೆ ವರ್ಗಮೂಲ ತೆಗೆಯಿರಿ. ಮೇಲಿನ ಉದಾಹರಣೆಯಲ್ಲಿ 1.34 ಇದ್ದದ್ದು 1.248ಕ್ಕೆ ಇಳಿದು, ಮುಂದಿನ ಸುತ್ತಿನಲ್ಲಿ 1.255 ಆಗುತ್ತದೆ (ಎಲ್ಲವೂ × 10⁻⁴). ಉತ್ತರ ಅಲುಗಾಡುವುದು ನಿಂತಾಗ ಲೆಕ್ಕ ನಿಲ್ಲಿಸಬಹುದು.

◆ ಲೆಕ್ಕಕ್ಕೆ ಕೂರುವ ಮೊದಲೇ ಊಹೆ ನಿಲ್ಲುತ್ತದೆಯೇ ಎಂದು ಹೇಳಬಹುದು! C ಯನ್ನು Ka ಯಿಂದ ಭಾಗಿಸಿ. ಉತ್ತರ 400 ಅಥವಾ ಹೆಚ್ಚಿದ್ದರೆ ಸಾಕು. ಶೇ 5ರ ಗೆರೆಯೂ ಈ 400ರ ಗೆರೆಯೂ ಒಂದೇ. ಅಸಿಟಿಕ್ ಆಮ್ಲಕ್ಕೆ ಇದು 0.0072 ಮೋಲಾರ್. ಅದಕ್ಕಿಂತ ತೆಳುವಾದ ದ್ರಾವಣಕ್ಕೆ ವರ್ಗಮೂಲದ ಉತ್ತರ ಗೆರೆ ದಾಟುತ್ತದೆ.

◆ ಶೇ 5ರ ಪರೀಕ್ಷೆಯಲ್ಲಿ ಪಾಸಾದ ಉತ್ತರವೂ ಪೂರ್ತಿ ತಪ್ಪಾಗಿರಬಹುದು! ಕೇರಂ ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಆಮ್ಲವನ್ನೇ ತೆಗೆದುಕೊಳ್ಳಿ. ಅದರ Ka 5.8 × 10⁻¹⁰. ದ್ರಾವಣ 10⁻⁶ ಮೋಲಾರ್ ಇದ್ದರೆ C / Ka 1700ಕ್ಕೂ ಮೇಲೆ. ಒಡೆಯುವುದು ಶೇ 2.4. ಪರೀಕ್ಷೆ ಸಲೀಸಾಗಿ ಪಾಸು. ಆದರೆ ವರ್ಗಮೂಲದಿಂದ ಬರುವ ಪಿಎಚ್ 7.62! ನೀರಿಗೆ ಆಮ್ಲ ಬೆರೆಸಿದರೆ ಅದು ಪ್ರತ್ಯಾಮ್ಲವಾಗಲು ಸಾಧ್ಯವೇ ಇಲ್ಲ.

◆ ಇಲ್ಲಿ ಬಿಟ್ಟುಹೋದದ್ದು ನೀರು. ಶುದ್ಧ ನೀರೇ ಸ್ವಲ್ಪ ಒಡೆದು 10⁻⁷ ಮೋಲಾರ್‌ನಷ್ಟು ಹೈಡ್ರೋಜನ್ ಅಯಾನುಗಳನ್ನು ಕೊಡುತ್ತದೆ. ಬೋರಿಕ್ ಆಮ್ಲ ಕೊಡುವುದು ಅದಕ್ಕಿಂತ ಕಡಿಮೆ. ಆದ್ದರಿಂದ Ka × C ಗೆ ನೀರಿನ 10⁻¹⁴ ಅನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಆಗ ಪಿಎಚ್ 6.99, ತಟಸ್ಥಕ್ಕಿಂತ ಕೂದಲೆಳೆಯಷ್ಟು ಆಮ್ಲೀಯ.

◆ ಹೀಗಾಗಿ ದುರ್ಬಲ ಆಮ್ಲದ ಲೆಕ್ಕದಲ್ಲಿ ಊಹೆಗಳು ಎರಡು. ‘ಆಮ್ಲ ಸ್ವಲ್ಪವೇ ಒಡೆಯುತ್ತದೆ’ ಎಂಬುದನ್ನು ಶೇ 5ರ ಗೆರೆ ಕಾಯುತ್ತದೆ. ‘ನೀರಿನ ಪಾಲು ಲೆಕ್ಕಕ್ಕಿಲ್ಲ’ ಎಂಬುದಕ್ಕೆ Ka × C ನೋಡಿ: ಅದು 10⁻¹² ಅಥವಾ ಹೆಚ್ಚಿದ್ದರೆ ನೀರನ್ನು ಮರೆಯಬಹುದು, ಅದಕ್ಕಿಂತ ಕೆಳಗಿಳಿದಷ್ಟೂ ನೀರಿನ ಪಾಲು ಲೆಕ್ಕಕ್ಕೆ ಬರುತ್ತದೆ.