ಖಾಲಿ ಬಿಟ್ಟಿದ್ದೆಷ್ಟು, ತಪ್ಪು ತುಂಬಿದ್ದೆಷ್ಟು?

ಸಪ್ಲೈಯರ್‌ಗಳು ಕಳಿಸುವ ಬಿಲ್‌ನಿಂದ ತಾರೀಖು, ಜಿಎಸ್‌ಟಿ ನಂಬರ್, ಮೊತ್ತ ಎಲ್ಲವನ್ನೂ ಸಾಫ್ಟ್‌ವೇರೇ ಓದಿ ಅಕೌಂಟ್ಸ್‌ಗೆ ತುಂಬಿಸುವುದು ಈಗ ಎಷ್ಟೋ ಆಫೀಸುಗಳಲ್ಲಿ ಮಾಮೂಲು. ಅದು ಸರಿಯಾಗಿ ಓದುತ್ತಿದೆಯಾ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. "ಎಷ್ಟು ಪರ್ಸೆಂಟ್ ಸರಿ, ಅಷ್ಟು ಹೇಳಿ ಸಾಕು" ಅಂತಾರೆ ಎಲ್ಲರೂ. ಆ ಒಂದೇ ನಂಬರ್ ಕೊಡೋಕೆ ನನಗೆ ಇಷ್ಟವಿಲ್ಲ. ಯಾಕೆ ಅಂತ ಒಂದು ತಿಂಗಳ ಲೆಕ್ಕ ಇಟ್ಟುಕೊಂಡೇ ಹೇಳ್ತೀನಿ.

ಆ ತಿಂಗಳ ಬಿಲ್‌ಗಳಲ್ಲಿ 200ನ್ನು ಚೀಟಿ ಎತ್ತಿದ ಹಾಗೆ ಆರಿಸಿದೆವು. ಫೋಲ್ಡರಿನ ಮೊದಲ 200 ತಗೊಂಡ್ರೆ ಆಗಲ್ಲ. ಅವೆಲ್ಲ ಒಬ್ಬನೇ ದೊಡ್ಡ ಸಪ್ಲೈಯರ್‌ನ ನೀಟಾದ ಪಿಡಿಎಫ್ ಆಗಿರಬಹುದು. ಮೊಬೈಲಿನಲ್ಲಿ ಓರೆಯಾಗಿ ಫೋಟೋ ತೆಗೆದ ಬಿಲ್‌ಗೂ ಸರದಿ ಬರಬೇಕಲ್ಲ. ಆಮೇಲೆ ಇಬ್ಬರು ಕೂತು, ಸಾಫ್ಟ್‌ವೇರ್ ಕೊಟ್ಟ ಉತ್ತರ ನೋಡದೆ, ಸರಿ ಉತ್ತರ ಬರೆದುಕೊಂಡರು. ಅದರ ಉತ್ತರ ಕಣ್ಣೆದುರಿಗಿದ್ದರೆ ಮಸುಕಾದ 8 ಕೂಡ 3ರ ಹಾಗೇ ಕಾಣುತ್ತೆ. 1,25,000.00 ಮತ್ತು 125000 ಎರಡೂ ಒಂದೇ ಅಂತ ಮೊದಲೇ ತೀರ್ಮಾನಿಸಿಕೊಂಡಿದ್ದೆವು.

ಈಗ ಪಿಒ ನಂಬರ್, ಅಂದರೆ ನಾವು ಕೊಟ್ಟ ಆರ್ಡರಿನ ನಂಬರ್, ಒಂದನ್ನೇ ನೋಡಿ. 200ರಲ್ಲಿ 160 ಬಿಲ್‌ಗಳಲ್ಲಿ ಅದು ಇತ್ತು, 40ರಲ್ಲಿ ಇರಲೇ ಇಲ್ಲ. ಇದ್ದ 160ರಲ್ಲಿ 141 ಸರಿ, 6 ತಪ್ಪು, 13 ಕಡೆ ಖಾಲಿ ಬಿಟ್ಟಿತ್ತು. ಇಲ್ಲದ 40ರಲ್ಲಿ 37 ಖಾಲಿ, ಅದು ಸರಿಯೇ. ಉಳಿದ 3ಕ್ಕೆ ಸಪ್ಲೈಯರ್‌ನ ಫೋನ್ ನಂಬರನ್ನೇ ತಂದು ಕೂರಿಸಿತ್ತು!

ಒಟ್ಟು ಸರಿ 178, ಅಂದರೆ 89 ಪರ್ಸೆಂಟ್. ಕೇಳಿದವರಿಗೆ ಇಷ್ಟೇ ಹೇಳಿದ್ದರೆ ಎರಡು ಬೇರೆ ಬೇರೆ ತೊಂದರೆಗಳು ಅದರಲ್ಲಿ ಮುಚ್ಚಿಹೋಗುತ್ತಿದ್ದವು. ಖಾಲಿ ಬಿಟ್ಟ 13 ಪರದೆಯ ಮೇಲೆ ಎದ್ದು ಕಾಣುತ್ತವೆ. ಯಾರಾದರೂ ಎರಡು ನಿಮಿಷದಲ್ಲಿ ತುಂಬಿಸ್ತಾರೆ. ತಪ್ಪು ತುಂಬಿದ 9 ಕಾಣುವುದಿಲ್ಲ. ಬೇರೆ ಆರ್ಡರಿನ ಲೆಕ್ಕಕ್ಕೆ ದುಡ್ಡು ಹೋದಮೇಲೆ ಫೋನ್ ಬರುತ್ತದೆ. ಅದಕ್ಕೇ ನಾನು ಎರಡು ನಂಬರ್ ಕೊಡ್ತೀನಿ: ಅದು ತುಂಬಿದ 150ರಲ್ಲಿ ಸರಿಯಾದದ್ದು 141, 94 ಪರ್ಸೆಂಟ್, ಸಿಗಬೇಕಿದ್ದ 160ರಲ್ಲಿ ಸರಿಯಾಗಿ ಸಿಕ್ಕಿದ್ದು 141, ಸುಮಾರು 88.

ಆ 94 ಕೂಡ ಕಲ್ಲಿನಲ್ಲಿ ಕೆತ್ತಿದ್ದಲ್ಲ. 150 ಉತ್ತರಗಳಿಂದ ಬಂದ ಅಂಕಿಯಾದ್ದರಿಂದ ನಿಜವಾದದ್ದು 89ರಿಂದ 97ರ ನಡುವೆ ಎಲ್ಲಾದರೂ ಇರಬಹುದು. ಮುಂದಿನ ತಿಂಗಳು 96 ಬಂತು ಅಂತ ಸ್ವೀಟ್ ಹಂಚೋ ಹಾಗಿಲ್ಲ.

ಹತ್ತು ಅಂಕಿಯ ಫೋನ್ ನಂಬರನ್ನು ಪಿಒ ಅಂತ ತಗೋಬಾರದು ಎಂಬ ನಿಯಮ ಸೇರಿಸಿದೆವು. ಅದೇ 200 ಬಿಲ್ ಮತ್ತೆ ಓಡಿಸಿದರೆ ಆ ಮೂರು ತಪ್ಪು ಮಾಯವಾಗುವುದು ಖಂಡಿತ. ಅವನ್ನು ನೋಡಿಕೊಂಡೇ ಬರೆದ ನಿಯಮವಲ್ಲವೇ ಅದು? ಹಾಗಾಗಿ ಹೊಸದಾಗಿ ಇನ್ನೂ 200 ಬಿಲ್ ಎತ್ತಿ, ಮೊದಲಿಂದ ಎಣಿಸಲು ಕೂತೆವು.