ಇಪ್ಪತ್ತೆರಡು ಪುಟ, ಐದು ಸ್ಲೈಡ್

ಅಕ್ಕನ ಮಗಳು ಮೈಸೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಅವಳ ಹಾಸ್ಟೆಲ್‌ನ ಏಳು ಹುಡುಗಿಯರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಓದುತ್ತಾರೆ. ಪ್ರತಿ ವಾರ ಅವರಲ್ಲೇ ಒಬ್ಬಳು ಉಳಿದ ಆರು ಜನರಿಗೆ ನಲವತ್ತು ನಿಮಿಷ ಪಾಠ ಹೇಳಬೇಕು. ತನ್ನ ಸರದಿ ಬಂದಾಗ ಅವಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಕ್ಲಾಸಿನಲ್ಲಿ ಕೊಟ್ಟ 22 ಪುಟಗಳ ಹ್ಯಾಂಡೌಟ್ ಇತ್ತು, ವಿಷಯ ಸ್ಕ್ರೀನಿಂಗ್ ಪರೀಕ್ಷೆಗಳು. ಲ್ಯಾಪ್‌ಟಾಪ್‌ನಲ್ಲಿ ಆಗಲೇ 31 ಸ್ಲೈಡ್ ಸಿದ್ಧವಾಗಿದ್ದವು. "ಚಿಕ್ಕಮ್ಮ, ಇಷ್ಟನ್ನೂ ನಲವತ್ತು ನಿಮಿಷದಲ್ಲಿ ಹೇಗೆ ಮುಗಿಸಲಿ?" ಎಂದಳು.

ನಾನು ಕೆಲವು ವರ್ಷ ಇದೇ ವಿಷಯವನ್ನು ಕಲಿಸಿದವಳು. ಅವಳ ಸ್ಲೈಡ್‌ಗಳನ್ನು ನೋಡುತ್ತಿದ್ದಂತೆ ತೊಂದರೆ ಎಲ್ಲಿದೆ ಎಂದು ತಿಳಿಯಿತು. ಹ್ಯಾಂಡೌಟಿನ ಪ್ರತಿ ಉಪಶೀರ್ಷಿಕೆಗೂ ಒಂದೊಂದು ಸ್ಲೈಡ್ ಮಾಡಿದ್ದಳು, ಅಲ್ಲಿನ ವಾಕ್ಯಗಳನ್ನೇ ಸ್ವಲ್ಪ ಮೊಟಕುಗೊಳಿಸಿ ಅಂಟಿಸಿದ್ದಳು. ಆರು ಗೆಳತಿಯರ ಹತ್ತಿರವೂ ಅದೇ ಹ್ಯಾಂಡೌಟ್ ಇದೆ. ಅದನ್ನೇ ಪರದೆಯ ಮೇಲೆ ಓದಿ ಹೇಳಿದರೆ ಅವರಿಗೆ ಹೊಸದಾಗಿ ಸಿಗುವುದೇನೂ ಇಲ್ಲ.

ಅದಕ್ಕೆ ಲ್ಯಾಪ್‌ಟಾಪ್ ಮುಚ್ಚಿಸಿ, ಪೆನ್ಸಿಲ್ ಕೊಟ್ಟು, 22 ಪುಟಗಳನ್ನು ಮತ್ತೊಮ್ಮೆ ಓದಿಸಿದೆ. ಒಬ್ಬಳೇ ಕೂತು ಓದಿದರೂ ಅರ್ಥವಾಗುವ ಭಾಗದ ಪಕ್ಕದಲ್ಲಿ ಒಂದು ಗೆರೆ, ಇನ್ನೊಬ್ಬರ ಜೊತೆ ಮಾತಾಡದೆ ತಲೆಗೆ ಹತ್ತುವುದಿಲ್ಲ ಅನ್ನಿಸಿದ ಭಾಗಕ್ಕೆ ಎರಡು ಗೆರೆ ಎಂದು ಹೇಳಿದೆ. ಸ್ಕ್ರೀನಿಂಗ್ ಎಂದರೇನು, ಅದರ ವಿಧಗಳು ಯಾವುವು, 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಬರೆದ ಹತ್ತು ನಿಯಮಗಳು ಯಾವುವು, ಇವಕ್ಕೆಲ್ಲ ಒಂದೊಂದು ಗೆರೆ ಬಿತ್ತು. ಪರೀಕ್ಷೆಗೆ ಇವು ಬೇಕೇ ಬೇಕು, ಆದರೆ ಬಾಯಿಪಾಠ ಮಾಡಲು ಗುಂಪು ಬೇಕಿಲ್ಲ. ಎರಡು ಗೆರೆ ಬಿದ್ದದ್ದು ಬರೀ ಮೂರು ಪುಟಗಳಿಗೆ. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಮತ್ತು ಪ್ರೆಡಿಕ್ಟಿವ್ ವ್ಯಾಲ್ಯೂ ಬರುವ ಪುಟಗಳು ಅವು. ಸೂತ್ರಗಳು ಅವಳಿಗೆ ಬರುತ್ತಿದ್ದವು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ತಪ್ಪೇನಾಗುತ್ತದೆ ಎಂದು ಕೇಳಿದಾಗ ಮಾತ್ರ ಸುಮ್ಮನಾದಳು.

ನಲವತ್ತು ನಿಮಿಷವೂ ಆ ಮೂರು ಪುಟಗಳಿಗೇ ಎಂದು ನಿರ್ಧರಿಸಿದೆವು. ಉಳಿದ ಹತ್ತೊಂಬತ್ತು ಪುಟಗಳನ್ನು ಎಲ್ಲರೂ ಓದಿಕೊಂಡು ಬರಬೇಕೆಂದು ವಾಟ್ಸಾಪ್ ಗುಂಪಿನಲ್ಲಿ ಮೊದಲೇ ತಿಳಿಸುವುದು. ಇಲ್ಲಿ ಅವಳಿಗೆ ಅಳುಕು ಹುಟ್ಟಿತು. "ಅರ್ಧ ಪಾಠ ಬಿಟ್ಟಳು ಅಂತಾರೆ" ಎಂದಳು. ಬಿಡುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಇಪ್ಪತ್ತೆರಡನ್ನೂ ಸಮನಾಗಿ ಹಿಂಡಿ ಎಂಟು ಪುಟ ಮಾಡಿದರೆ ಅದು ಸಾರಾಂಶವಾಗುತ್ತದೆ, ಪಾಠವಾಗುವುದಿಲ್ಲ.

ಮುಂದಿನ ಹೆಜ್ಜೆಯಲ್ಲಿ ಸ್ಲೈಡ್‌ಗೆ ಇನ್ನೂ ಕೈ ಹಾಕಲಿಲ್ಲ. ಪಾಠ ಮುಗಿದಾಗ ಗೆಳತಿಯರು ಯಾವ ಲೆಕ್ಕವನ್ನು ತಾವೇ ಬಿಡಿಸಬೇಕು ಎಂಬುದನ್ನು ಮೊದಲು ಬರೆಸಿದೆ. ಸ್ವಲ್ಪ ಯೋಚಿಸಿ ಅವಳು ಹೀಗೆ ಬರೆದಳು: ಒಂದು ಊರಿನಲ್ಲಿ ಪರೀಕ್ಷೆ ಪಾಸಿಟಿವ್ ಬಂದವರಿಗೆ ನಿಜಕ್ಕೂ ರೋಗವಿರುವ ಸಾಧ್ಯತೆ ಎಷ್ಟು ಎಂದು ಎಣಿಸಿ ಹೇಳಬೇಕು, ಅದೇ ಪರೀಕ್ಷೆ ಬೇರೆ ಕಡೆ ಬೇರೆ ಉತ್ತರ ಕೊಡುವುದೇಕೆ ಎಂದು ವಿವರಿಸಬೇಕು. ಆ ಎರಡು ವಾಕ್ಯಗಳಿಂದ ಹಿಂದಕ್ಕೆ ನಡೆದೇ ಇಡೀ ಯೋಜನೆ ಹುಟ್ಟಿತು.

ಪಾಠವನ್ನು ಪ್ರಶ್ನೆಯಿಂದಲೇ ಶುರು ಮಾಡುವ ಕ್ರಮವನ್ನು ನಾನು ಎರಿಕ್ ಮಝೂರ್ ಅವರಿಂದ ಕಲಿತೆ. ಅವರು ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. 1990ರ ದಶಕದ ಆರಂಭದಲ್ಲಿ ಅವರು ತಮ್ಮ ಉಪನ್ಯಾಸವನ್ನು ಅಲ್ಲಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳತೊಡಗಿದರು. ವಿದ್ಯಾರ್ಥಿಗಳು ಮೊದಲು ಯಾರನ್ನೂ ಕೇಳದೆ ಉತ್ತರ ಆರಿಸುತ್ತಾರೆ, ಆಮೇಲೆ ಪಕ್ಕದವರ ಜೊತೆ ವಾದಿಸುತ್ತಾರೆ, ಕೊನೆಗೆ ಮತ್ತೊಮ್ಮೆ ಉತ್ತರ ಕೊಡುತ್ತಾರೆ. ಈಗಷ್ಟೇ ಅರ್ಥ ಮಾಡಿಕೊಂಡವರಿಗೆ ತಾವು ಎಲ್ಲಿ ಎಡವಿದ್ದೆವು ಎಂಬುದು ಇನ್ನೂ ನೆನಪಿರುತ್ತದೆ. ಆದ್ದರಿಂದ ಪಕ್ಕದಲ್ಲಿ ಎಡವುತ್ತಿರುವವರಿಗೆ ಅವರು ಹೇಳಿಕೊಡುವುದು ಬೇಗ ತಲುಪುತ್ತದೆ. ಹೆಚ್ಚುಕಡಿಮೆ ಎಲ್ಲರೂ ಸರಿ ಹೇಳುವ ಪ್ರಶ್ನೆಯಿಂದಾಗಲಿ, ಯಾರೂ ಸರಿ ಹೇಳಲಾಗದ ಪ್ರಶ್ನೆಯಿಂದಾಗಲಿ ವಾದ ಹುಟ್ಟುವುದಿಲ್ಲ. ಮೊದಲ ಸುತ್ತಿನಲ್ಲಿ ಆರು ಜನರಲ್ಲಿ ಮೂರೋ ನಾಲ್ಕೋ ಜನ ಸರಿ ಹೇಳಿದರೆ ಪ್ರಶ್ನೆ ಹದವಾಗಿದೆ ಎಂದು ತಿಳಿಯಬಹುದು.

ಅವಳ ಮೊದಲ ಸ್ಲೈಡ್ ಹೀಗಾಯಿತು. ಒಂದು ಊರಿನಲ್ಲಿ 1000 ಜನರಿದ್ದಾರೆ, ಅವರಲ್ಲಿ 10 ಜನರಿಗೆ ರೋಗವಿದೆ. ಪರೀಕ್ಷೆಯು ರೋಗವಿರುವ 100 ಜನರಲ್ಲಿ 90 ಜನರನ್ನು ಹಿಡಿಯುತ್ತದೆ, ರೋಗವಿಲ್ಲದ 100 ಜನರಲ್ಲಿ 90 ಜನರಿಗೆ 'ಇಲ್ಲ' ಎನ್ನುತ್ತದೆ. ಒಬ್ಬಾಕೆಗೆ ಪಾಸಿಟಿವ್ ಬಂತು. ಆಕೆಗೆ ರೋಗವಿರುವ ಸಾಧ್ಯತೆ ಎಷ್ಟು? ನೂರಕ್ಕೆ 90, ಸುಮಾರು 50, ಸುಮಾರು 8 ಅಥವಾ 1. ಸ್ಲೈಡಿನಲ್ಲಿ ಇದರ ಹೊರತು ಬೇರೇನೂ ಇಲ್ಲ, ಶೀರ್ಷಿಕೆ ಕೂಡ ಇಲ್ಲ.

ಇದು ವಿದ್ಯಾರ್ಥಿಗಳು ಮಾತ್ರ ಎಡವುವ ಲೆಕ್ಕವಲ್ಲ. 1978ರಲ್ಲಿ ಹಾರ್ವರ್ಡ್‌ನ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಸೇರಿ ಒಟ್ಟು 60 ಜನರಿಗೆ ಇಂಥದೇ ಪ್ರಶ್ನೆ ಕೇಳಲಾಗಿತ್ತು. ಸಾವಿರಕ್ಕೊಬ್ಬರಿಗೆ ಬರುವ ರೋಗ, ನೂರರಲ್ಲಿ ಐದು ಆರೋಗ್ಯವಂತರಿಗೆ ತಪ್ಪಾಗಿ ಪಾಸಿಟಿವ್ ತೋರಿಸುವ ಪರೀಕ್ಷೆ. ಸರಿಯಾದ ಉತ್ತರ ನೂರಕ್ಕೆ ಎರಡರ ಆಸುಪಾಸು. ಅದನ್ನು ಹೇಳಿದವರು 11 ಜನ. ಸುಮಾರು ಅರ್ಧದಷ್ಟು ಜನರ ಉತ್ತರ 95 ಆಗಿತ್ತು.

ಎರಡನೇ ಸ್ಲೈಡ್ ಖಾಲಿ ಮರ. ಮೇಲೆ 1000, ಅದರಿಂದ ಎರಡು ಕೊಂಬೆ, ಪ್ರತಿ ಕೊಂಬೆಗೂ ಮತ್ತೆರಡು ಕವಲು, ಸಂಖ್ಯೆ ಬರೆಯಲು ಖಾಲಿ ಚೌಕಗಳು. ಶೇಕಡಾವಾರಿನ ಬದಲು ಜನರನ್ನೇ ಎಣಿಸಿದರೆ ಈ ಲೆಕ್ಕ ತುಂಬ ಸುಲಭವಾಗುತ್ತದೆ ಎಂದು ಗೆರ್ಡ್ ಗಿಗರೆಂಜರ್ ಮತ್ತು ಉಲ್ರಿಕ್ ಹೊಫ್ರಾಗ್ 1995ರಲ್ಲಿ ತೋರಿಸಿದರು. ಹ್ಯಾಂಡೌಟಿನಲ್ಲಿ ಇದ್ದದ್ದು ಸೂತ್ರ ಮಾತ್ರ. ಹಾಗಾಗಿ ಈ ಮರ ಗುಂಪಿಗೆ ಹೊಸದಾಗಿ ಸಿಗುವ ಸಂಗತಿಯಾಗುತ್ತದೆ.

ಮೂರನೇ ಸ್ಲೈಡ್ ಅದೇ ಮರ, ತುಂಬಿದ ರೂಪದಲ್ಲಿ. ರೋಗವಿರುವ 10 ಜನರಲ್ಲಿ 9 ಜನರಿಗೆ ಪಾಸಿಟಿವ್ ಬರುತ್ತದೆ, ಒಬ್ಬರು ತಪ್ಪಿಸಿಕೊಳ್ಳುತ್ತಾರೆ. ರೋಗವಿಲ್ಲದ 990 ಜನರಲ್ಲಿ 99 ಜನರಿಗೆ ಸುಳ್ಳು ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದವರು ಒಟ್ಟು 108, ಅವರಲ್ಲಿ ನಿಜವಾಗಿ ರೋಗವಿರುವವರು 9. ಹನ್ನೆರಡರಲ್ಲಿ ಒಬ್ಬರು, ಅಂದರೆ ನೂರಕ್ಕೆ ಸುಮಾರು 8.

ನಾಲ್ಕನೆಯದರಲ್ಲಿ ಅದೇ ಪರೀಕ್ಷೆ, ಆದರೆ ಜನರು ಬೇರೆ. ರೋಗದ ಲಕ್ಷಣಗಳಿದ್ದು ಆಸ್ಪತ್ರೆಗೆ ಬಂದ 1000 ಜನ, ಅವರಲ್ಲಿ 500 ಜನರಿಗೆ ರೋಗವಿದೆ. ನಿಜವಾದ ಪಾಸಿಟಿವ್ 450, ಸುಳ್ಳು ಪಾಸಿಟಿವ್ 50. ಇಲ್ಲಿ ಪಾಸಿಟಿವ್ ಬಂದ ಹತ್ತರಲ್ಲಿ ಒಂಬತ್ತು ಜನರಿಗೆ ರೋಗವಿದೆ. ಪರೀಕ್ಷೆಯ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ ಬದಲಾಗಿಲ್ಲ, ಪಾಸಿಟಿವ್ ಎಂಬ ಮಾತಿನ ತೂಕ ಮಾತ್ರ ಬದಲಾಗಿದೆ. ಈ ಎರಡು ಮರಗಳನ್ನು ಅಕ್ಕಪಕ್ಕ ಇಟ್ಟಾಗ, ಮನೆಯಲ್ಲಿ ನನ್ನೆದುರು ಕೂತಿದ್ದ ಹುಡುಗಿಗೇ ಮೊದಲು ಪಾಠ ಆಯಿತು. "ಓ, ಆ 99 ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು" ಎಂದಳು. ಆರೋಗ್ಯವಂತರೇ ಅಷ್ಟು ಜನ ಇರುವಾಗ ಅವರಲ್ಲಿ ಹತ್ತನೇ ಒಂದು ಪಾಲು ಸಹ ದೊಡ್ಡ ಸಂಖ್ಯೆಯೇ.

ಐದನೇ ಸ್ಲೈಡ್ ಕೊನೆಯ ಪ್ರಶ್ನೆ. ಸಾವಿರದಲ್ಲಿ 100 ಜನರಿಗೆ ರೋಗವಿದ್ದರೆ? ಪ್ರತಿಯೊಬ್ಬರೂ ಚೀಟಿಯಲ್ಲಿ ಉತ್ತರ ಮತ್ತು ಒಂದು ವಾಕ್ಯದ ಕಾರಣ ಬರೆಯಬೇಕು.

ಸಮಯವನ್ನು ಹೀಗೆ ಹಂಚಿದೆವು: ಪ್ರಶ್ನೆ ಓದಿ ಒಬ್ಬೊಬ್ಬರೇ ಉತ್ತರ ಆರಿಸಲು ನಾಲ್ಕು ನಿಮಿಷ, ಜೋಡಿಯಲ್ಲಿ ವಾದಿಸಿ ಮತ್ತೆ ಆರಿಸಲು ಆರು, ಮರ ತುಂಬಲು ಹನ್ನೆರಡು, ಆಸ್ಪತ್ರೆಯ ಲೆಕ್ಕಕ್ಕೆ ಹತ್ತು, ಚೀಟಿಗೆ ಐದು, ಉಳಿದ ಸಂಶಯಗಳಿಗೆ ಮೂರು. ಇದರಲ್ಲಿ ಅವಳೇ ಮಾತಾಡುವುದು ಎಲ್ಲ ಸೇರಿ ಹತ್ತು ನಿಮಿಷವೂ ಇಲ್ಲ. ಸ್ಲೈಡಿನ ಅಕ್ಷರಗಳ ಗಾತ್ರವನ್ನು ಸಂಖ್ಯೆಯಲ್ಲಿ ಹೇಳುವ ಬದಲು, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಕೋಣೆಯ ಆ ಕಡೆಯ ಗೋಡೆಗೆ ಒರಗಿ ಓದಲು ಹೇಳಿದೆ. ಓದಲಾಗದ್ದನ್ನು ಅಳಿಸಿದಳು.

ಎರಡು ಎಚ್ಚರಿಕೆ ಕೊಟ್ಟಿದ್ದೆ. ಮೊದಲ ಉತ್ತರವನ್ನು ಚೀಟಿಯಲ್ಲಿ ಬರೆಸದೆ ಬಾಯಲ್ಲಿ ಕೇಳಬೇಡ, ಗುಂಪಿನಲ್ಲಿ ಜಾಣೆ ಎನಿಸಿಕೊಂಡವಳು ಬಾಯಿ ಬಿಟ್ಟರೆ ಉಳಿದವರೆಲ್ಲ ಅದನ್ನೇ ಹೇಳುತ್ತಾರೆ. ಪ್ರಶ್ನೆ ಕೇಳಿದ ಮೇಲೆ ಮೌನ ಕಂಡು ಹೆದರಿ ಮೂರನೇ ಸ್ಲೈಡ್‌ಗೆ ಹಾರಬೇಡ. ನಾನು ಕಲಿಸಲು ಶುರು ಮಾಡಿದ ಮೊದಲ ವರ್ಷ ಇದೇ ತಪ್ಪು ಮಾಡುತ್ತಿದ್ದೆ. ಹತ್ತು ಸೆಕೆಂಡ್ ಕಾದು ಉತ್ತರವನ್ನು ನಾನೇ ಹೇಳಿಬಿಡುತ್ತಿದ್ದೆ, ಎಲ್ಲರೂ ತಲೆಯಾಡಿಸುತ್ತಿದ್ದರು. ಇಂಟರ್ನಲ್ಸ್ ಉತ್ತರಪತ್ರಿಕೆ ತಿದ್ದುವಾಗ ಯಾರಿಗೂ ತಿಳಿದಿಲ್ಲವೆಂದು ಗೊತ್ತಾಗುತ್ತಿತ್ತು.

ಈ ಕ್ರಮಕ್ಕೆ ಮಿತಿಯೂ ಇದೆ. ಗುಂಪಿನಲ್ಲಿ ಯಾರಿಗೂ ವಿಷಯ ಸರಿಯಾಗಿ ಗೊತ್ತಿಲ್ಲದಿದ್ದರೆ ಧೈರ್ಯವಾಗಿ ವಾದಿಸಿದವಳ ತಪ್ಪೇ ಎಲ್ಲರದೂ ಆಗಿಬಿಡಬಹುದು. ಅದಕ್ಕೆ ಪಾಠ ಹೇಳುವವಳು ಮರದ ಎಲ್ಲ ಸಂಖ್ಯೆಗಳನ್ನೂ ಮೊದಲೇ ಬಿಡಿಸಿ, ಕೊಂಬೆಗಳ ಮೊತ್ತ ಮತ್ತೆ 1000 ಆಗುತ್ತದೆಯೇ ಎಂದು ಕೂಡಿಸಿ ನೋಡಿರಬೇಕು. ಬಗೆಹರಿಯದ ಸಂಶಯವನ್ನು ಮತ ಹಾಕಿ ತೀರ್ಮಾನಿಸದೆ, ಬೇರೆ ಹಾಳೆಯಲ್ಲಿ ಬರೆದಿಟ್ಟು ಸೋಮವಾರ ಮೇಡಂ ಹತ್ತಿರ ಒಯ್ಯಬೇಕು.

ಶನಿವಾರ ರಾತ್ರಿ ಫೋನ್ ಮಾಡಿದಳು. ಮೊದಲ ಸುತ್ತಿನಲ್ಲಿ ಆರು ಜನರಲ್ಲಿ ನಾಲ್ವರು 90 ಎಂದು ಬರೆದಿದ್ದರು, ಇಬ್ಬರು 8. ಜೋಡಿ ಮಾಡುವಾಗ 8 ಬರೆದವರನ್ನು ಬೇರೆ ಬೇರೆ ಜೋಡಿಗೆ ಹಾಕಿದ್ದಳಂತೆ, ಇದು ಅವಳದೇ ಯೋಚನೆ. ಕೊನೆಯ ಚೀಟಿಗಳನ್ನು ಫೋಟೋ ತೆಗೆದು ಕಳಿಸಿದಳು. 100 ಜನರಿಗೆ ರೋಗವಿದ್ದರೆ ನಿಜವಾದ ಪಾಸಿಟಿವ್ 90, ಸುಳ್ಳು ಪಾಸಿಟಿವ್ ಕೂಡ 90, ಉತ್ತರ ಸರಿಯಾಗಿ ಅರ್ಧ. ಐವರು ಅದನ್ನೇ ಬರೆದಿದ್ದರು. ಒಬ್ಬಳ ಚೀಟಿಯಲ್ಲಿ ಮತ್ತೆ 90 ಇತ್ತು. ಕಾರಣದ ಸಾಲಿನಲ್ಲಿ 'ರೋಗವಿರುವ ನೂರರಲ್ಲಿ ತೊಂಬತ್ತು ಪಾಸಿಟಿವ್' ಎಂದು ಬರೆದಿದ್ದಳು. ಆ ಮಾತು ಸರಿಯೇ, ಆದರೆ ಕೇಳಿದ್ದು ಪಾಸಿಟಿವ್ ಬಂದ 180 ಜನರಲ್ಲಿ ರೋಗವಿರುವವರು ಎಷ್ಟು ಎಂದು. ಸೂತ್ರಗಳನ್ನು ಅದಲುಬದಲು ಮಾಡಿದಾಗ ಆಗುವ ತಪ್ಪು ಇದೇ. ಮುಂದಿನ ವಾರದ ಪಾಠ ಇನ್ನೊಬ್ಬಳದು, ಆದರೂ ಅದರ ಮೊದಲ ಐದು ನಿಮಿಷವನ್ನು ಇವಳು ಕೇಳಿ ಇಟ್ಟುಕೊಂಡಿದ್ದಾಳೆ. ಆ ಗೆಳತಿಯ ಕೈಗೇ ಖಾಲಿ ಮರ ಕೊಟ್ಟು ತುಂಬಿಸುತ್ತಾಳಂತೆ.