ಆಳದಲ್ಲಿ ಅರವತ್ತು ಸೆಂಟಿಮೀಟರ್

2004ರ ಡಿಸೆಂಬರ್ 26ರ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರಾದ ಪಶ್ಚಿಮಕ್ಕೆ ಕಡಲತಳ ಬಿರಿಯಿತು. ಅಲ್ಲಿ ಒಂದು ಭೂಫಲಕ ಇನ್ನೊಂದರ ಅಡಿಗೆ ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಜಾರುತ್ತದೆ. ಎರಡೂ ಕಚ್ಚಿಕೊಂಡು ನಿಂತರೆ ಮೇಲಿನ ಫಲಕದ ಅಂಚು ಬಿಲ್ಲಿನಂತೆ ಬಾಗುತ್ತ ಹೋಗುತ್ತದೆ. ಆ ದಿನ ಹಿಡಿತ ಬಿಟ್ಟಿತು. ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಸೀಳು ಹಬ್ಬಿ, ತಳ ಕೆಲವೆಡೆ ಹಲವು ಮೀಟರ್ ಮೇಲೆದ್ದಿತು. ಅದರ ಮೇಲಿದ್ದ ನೀರೆಲ್ಲ ಅದರೊಂದಿಗೇ ಎದ್ದಿತು.

ಗಾಳಿಯ ಅಲೆ ಕಡಲಿನ ಮೇಲ್ಪದರವನ್ನಷ್ಟೇ ಕಲಕುತ್ತದೆ. ಸುನಾಮಿಯಲ್ಲಿ ತಳದಿಂದ ಮೇಲಿನವರೆಗೆ ಇಡೀ ನೀರು ಚಲಿಸುತ್ತದೆ, ಹಾಗಾಗಿ ಅದರ ವೇಗವನ್ನು ನಿರ್ಧರಿಸುವುದು ಆಳ. ಆಳವನ್ನು 9.8ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸಾಕು. ಆಳ 4,000 ಮೀಟರ್ ಇದ್ದಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್, ಅಂದರೆ ವಿಮಾನದ ಓಟ. ಆದರೆ ಎತ್ತರ? ಕಂಪನವಾಗಿ ಎರಡು ಗಂಟೆಯ ನಂತರ ಬಂಗಾಳ ಕೊಲ್ಲಿಯ ಮೇಲೆ ಹಾದುಹೋದ ಜೇಸನ್-1 ಉಪಗ್ರಹ ಅಳೆದದ್ದು ಸುಮಾರು 60 ಸೆಂಟಿಮೀಟರ್, ಒಂದೂಕಾಲು ಮೊಳ. ಒಂದು ಏರಿನಿಂದ ಮುಂದಿನ ಏರಿಗೆ ನೂರಾರು ಕಿಲೋಮೀಟರ್ ಅಂತರ. ದೋಣಿ ಹಲವು ನಿಮಿಷ ತೆಗೆದುಕೊಂಡು ಅಷ್ಟೇ ಏರಿ ಇಳಿದರೆ ಬಲೆ ಬೀಸುವವರಿಗೆ ಅದು ತಿಳಿಯುವುದೇ ಇಲ್ಲ.

ದಡದ ಹತ್ತಿರ ಆಳ 10 ಮೀಟರಿಗೆ ಇಳಿದಾಗ ವೇಗ ಗಂಟೆಗೆ 36 ಕಿಲೋಮೀಟರಿಗೆ ಕುಸಿಯುತ್ತದೆ. ಮುಂದಿನ ನೀರು ನಿಧಾನಿಸುತ್ತದೆ, ಹಿಂದಿನದು ಇನ್ನೂ ರಭಸದಲ್ಲಿ ಬರುತ್ತಿರುತ್ತದೆ. ಅಲೆ ಒತ್ತೊತ್ತಾಗಿ ಎತ್ತರವಾಗುತ್ತದೆ. ಸರಳ ಲೆಕ್ಕದಲ್ಲಿ ನಾಲ್ಕೂವರೆ ಪಟ್ಟು: ಆ 60 ಸೆಂಟಿಮೀಟರ್ ಎರಡೂಮುಕ್ಕಾಲು ಮೀಟರಿನ ಹತ್ತಿರ ಬರುತ್ತದೆ. ದಂಡೆಯ ಆಕಾರ ಇದನ್ನು ಇನ್ನೂ ಹೆಚ್ಚಿಸಬಹುದು.

ಅಂದು ಚೆನ್ನೈಗೆ ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಹವಾಯಿಯ ಕೇಂದ್ರ ಕಂಪನವನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸಿತ್ತು, ಆದರೆ ಅದರ ಮೊದಲ ಅಂದಾಜು 8.0, ನಿಜವಾದ ತೀವ್ರತೆ 9.1. ಸೀಳು ಹಬ್ಬಿ ಮುಗಿಯಲೇ ಎಂಟು-ಹತ್ತು ನಿಮಿಷ ಹಿಡಿದಿದ್ದರಿಂದ ಆರಂಭದ ತರಂಗಗಳು ಪೂರ್ತಿ ಕಥೆ ಹೇಳಲಿಲ್ಲ. ನೀರು ಎಷ್ಟು ಎದ್ದಿದೆ ಎಂದು ತಿಳಿಸುವ ಆಳಸಮುದ್ರದ ಉಪಕರಣ ಹಿಂದೂ ಮಹಾಸಾಗರದಲ್ಲಿ ಆಗ ಇರಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಈ ಕೊರತೆ.

2007ರಿಂದ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಕೇಂದ್ರ ಈ ಕೆಲಸ ಮಾಡುತ್ತಿದೆ. ಕಂಪನದ ಸುದ್ದಿ ಬಂದೊಡನೆ, ಮೊದಲೇ ಲೆಕ್ಕಹಾಕಿಟ್ಟ ಸಾವಿರಾರು ಸಂದರ್ಭಗಳಲ್ಲಿ ಹೊಂದುವುದನ್ನು ಆರಿಸಿ ಯಾವ ದಡಕ್ಕೆ ಎಷ್ಟು ಹೊತ್ತಿಗೆ ನೀರು ಬರಬಹುದೆಂದು ಹೇಳುತ್ತದೆ. ಆಮೇಲೆ ಕಡಲತಳದ ಒತ್ತಡಮಾಪಕದ ಸರದಿ. ಮೇಲೆ ಕೆಲವೇ ಸೆಂಟಿಮೀಟರ್ ನೀರು ಹೆಚ್ಚಿದರೂ ತಳದ ಒತ್ತಡದಲ್ಲಿ ಅದು ಗೊತ್ತಾಗುತ್ತದೆ. ಮಾಪಕ ಆ ಸುದ್ದಿಯನ್ನು ಶಬ್ದದ ಮೂಲಕ ಮೇಲಿನ ತೇಲುಬುರುಡೆಗೆ, ಅದು ಉಪಗ್ರಹದ ಮೂಲಕ ಹೈದರಾಬಾದಿಗೆ ಕಳಿಸುತ್ತದೆ.

2012ರ ಏಪ್ರಿಲ್ 11ರಂದು ಸುಮಾತ್ರಾದ ಬಳಿ 8.6 ತೀವ್ರತೆಯ ಕಂಪನವಾಯಿತು; ಬೆಂಗಳೂರಿನಲ್ಲೂ ಜನ ಮನೆಯಿಂದ ಹೊರಗೋಡಿದರು. ಎಚ್ಚರಿಕೆ ಹೊರಟಿತು. ಆದರೆ ಆ ಸಲ ಬಂಡೆ ಮುಖ್ಯವಾಗಿ ಅಡ್ಡಡ್ಡ ಸರಿದಿತ್ತು, ನೀರನ್ನು ಎತ್ತಿರಲಿಲ್ಲ. ಮಾಪಕಗಳಲ್ಲಿ ಕಂಡದ್ದು ಸಣ್ಣ ಅಲೆಗಳು, ಎಚ್ಚರಿಕೆಯನ್ನು ಹಿಂತೆಗೆದುಕೊಂಡರು. ಇದನ್ನು ಸುಳ್ಳು ಎಚ್ಚರಿಕೆ ಎನ್ನಲು ನನಗೆ ಮನಸ್ಸಿಲ್ಲ. ನೀರನ್ನು ಅಳೆದು ಖಚಿತಪಡಿಸಿಕೊಳ್ಳುವಷ್ಟು ಪುರುಸೊತ್ತು ಚೆನ್ನೈಗೆ ಇದೆ, ನಿಕೋಬಾರಿಗೆ ಇಲ್ಲ. ಅಲ್ಲಿಗೆ ಅಲೆ ನಿಮಿಷಗಳಲ್ಲಿ ಮುಟ್ಟಬಹುದಾದ್ದರಿಂದ, ನೆಲ ದೀರ್ಘವಾಗಿ ನಡುಗಿದರೆ ಸೈರನ್ನಿಗೆ ಕಾಯದೆ ಗುಡ್ಡ ಹತ್ತಬೇಕು, ಹಲವು ಗಂಟೆ ಇಳಿಯಬಾರದು; ಎರಡನೆಯ ಅಥವಾ ಮೂರನೆಯ ಅಲೆ ಮೊದಲನೆಯದಕ್ಕಿಂತ ದೊಡ್ಡದಿರಬಹುದು.